ಹದಿನೇಳನೆಯ ಬಿಟ್

1975ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೆಸ್ಕಾನ್ ಎಂಬ ಎಲೆಕ್ಟ್ರಾನಿಕ್ಸ್ ಪ್ರದರ್ಶನ ನಡೆಯಿತು. ಮಾಸ್ ಟೆಕ್ನಾಲಜಿ ಕಂಪನಿಯವರು ತಮ್ಮ ಹೊಸ ಚಿಪ್ 6502ನ್ನು ಅಲ್ಲಿ ಕೇವಲ 25 ಡಾಲರಿಗೆ ಮಾರಿದರು. ಬೇರೆ ಕಂಪನಿಗಳ ಇಂಥ ಚಿಪ್‌ಗಳಿಗೆ ಆಗ ಅದರ ಹಲವು ಪಟ್ಟು ಬೆಲೆಯಿತ್ತು. ಕೊಂಡವರಲ್ಲಿ ಸ್ಟೀವ್ ವೋಜ್ನಿಯಾಕ್ ಒಬ್ಬರು. ಎರಡೇ ವರ್ಷದಲ್ಲಿ ಅವರ ಆಪಲ್ 2 ಇದೇ ಚಿಪ್‌ನ ಮೇಲೆ ನಿಂತಿತು. ಆಮೇಲೆ ಕಮೊಡೋರ್ ಪೆಟ್, ಅಟಾರಿ 800, ಬಿಬಿಸಿ ಮೈಕ್ರೊ ಬಂದವು. 1984ರ ಹೊತ್ತಿಗೆ ಭಾರತ ಸರ್ಕಾರದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರೂ ಬಿಬಿಸಿ ಮೈಕ್ರೊವೇ. ಅದರೊಳಗೂ ಇದ್ದದ್ದು 6502.

ಈ ಚಿಪ್‌ಗೆ ಗುಣಿಸಲು ಬರುತ್ತಿರಲಿಲ್ಲ. ಭಾಗಿಸಲೂ ಬರುತ್ತಿರಲಿಲ್ಲ. ಸುಮಾರು ಮೂರೂವರೆ ಸಾವಿರ ಟ್ರಾನ್ಸಿಸ್ಟರ್‌ಗಳಲ್ಲಿ ಗುಣಾಕಾರದ ಸರ್ಕಿಟ್ಟಿಗೆ ಜಾಗವಿರಲಿಲ್ಲ, ಆ ಬೆಲೆಗೆ ಅದನ್ನು ಸೇರಿಸುವುದೂ ಸಾಧ್ಯವಿರಲಿಲ್ಲ. ಕೂಡುವುದು, ಕಳೆಯುವುದು, ಬಿಟ್‌ಗಳನ್ನು ಎಡಕ್ಕೋ ಬಲಕ್ಕೋ ಒಂದು ಸ್ಥಾನ ಸರಿಸುವುದು: ಅದರ ಗಣಿತವೆಲ್ಲ ಇಷ್ಟೇ. ಅದೂ ಒಮ್ಮೆಗೆ ಒಂದು ಬೈಟ್, ಅಂದರೆ 0ಯಿಂದ 255ರವರೆಗಿನ ಸಂಖ್ಯೆ ಮಾತ್ರ. ಆದರೂ ಆ ಯಂತ್ರಗಳು ಲಕ್ಷ, ಕೋಟಿಗಳ ಲೆಕ್ಕ ಮಾಡಿದವು. ಅಸೆಂಬ್ಲಿ ಭಾಷೆಯಲ್ಲಿ ಬರೆದ ಹತ್ತಿಪ್ಪತ್ತು ಸಾಲುಗಳು ಆ ಕೆಲಸವನ್ನು ಹೇಗೆ ಮಾಡುತ್ತಿದ್ದವು, ಎಲ್ಲಿ ಎಡವುತ್ತಿದ್ದವು ಎಂಬುದನ್ನು ಬಿಡಿಸಿ ನೋಡಿದರೆ, ಶಾಲೆಯಲ್ಲಿ ಕಲಿತ ಗುಣಾಕಾರ ಭಾಗಾಕಾರಗಳೇ ಬೇರೆ ವೇಷದಲ್ಲಿ ಎದುರಾಗುತ್ತವೆ.

ಮೊದಲು ಕೂಡುವುದು. 300ನ್ನು ಒಂದು ಬೈಟಿನಲ್ಲಿ ಹಿಡಿಸಲಾಗದು. ಆದ್ದರಿಂದ ಅದನ್ನು ಎರಡು ಬೈಟ್ ಮಾಡಿ ಇಡುತ್ತಾರೆ: ಮೇಲಿನ ಬೈಟಿನಲ್ಲಿ 1, ಕೆಳಗಿನದರಲ್ಲಿ 44. ಮೇಲಿನ ಒಂದಕ್ಕೆ 256ರ ಬೆಲೆ, ಹಾಗಾಗಿ 256 ಮತ್ತು 44 ಸೇರಿ 300. ಇದಕ್ಕೆ 250 ಕೂಡಬೇಕೆನ್ನಿ. ಕೆಳಗಿನ ಬೈಟುಗಳನ್ನು ಕೂಡಿದರೆ 44ಕ್ಕೆ 250 ಸೇರಿ 294 ಆಗುತ್ತದೆ. ಬೈಟಿನಲ್ಲಿ ಉಳಿಯುವುದು 294ರಿಂದ 256 ಕಳೆದ 38 ಮಾತ್ರ. ಹೊರಗೆ ಚೆಲ್ಲಿದ ಒಂದನ್ನು ಚಿಪ್ ಕ್ಯಾರಿ ಎಂಬ ಒಂಟಿ ಬಿಟ್‌ನಲ್ಲಿ ಹಿಡಿದಿಡುತ್ತದೆ. ಶಾಲೆಯ ಲೆಕ್ಕದಲ್ಲಿ ‘ದಶಕ’ ಎಂದು ಮೇಲೆ ಬರೆದುಕೊಳ್ಳುತ್ತಿದ್ದುದು ಇದನ್ನೇ. `ADC` ಎಂಬ ಆದೇಶ ಎರಡು ಬೈಟುಗಳ ಜೊತೆಗೆ ಈ ಕ್ಯಾರಿಯನ್ನೂ ಸೇರಿಸಿಯೇ ಕೂಡುತ್ತದೆ. ಹಾಗಾಗಿ ಮೇಲಿನ ಬೈಟಿನಲ್ಲಿ 1, 0 ಮತ್ತು ಕ್ಯಾರಿಯ 1 ಸೇರಿ 2 ಆಗುತ್ತದೆ. ಎರಡು 256 ಮತ್ತು 38 ಸೇರಿದರೆ 550, ಲೆಕ್ಕ ಸರಿ. ಕೆಳಗಿನ ಬೈಟನ್ನು ಕೂಡುವ ಮುನ್ನ ಹಳೆಯ ಕ್ಯಾರಿಯನ್ನು `CLC` ಆದೇಶದಿಂದ ಅಳಿಸಬೇಕು, ಮೇಲಿನದನ್ನು ಕೂಡುವ ಮುನ್ನ ಅದನ್ನು ಮುಟ್ಟಕೂಡದು.

ಬೈಟ್ ಎಷ್ಟೇ ಇರಲಿ, ಕ್ರಮ ಇದೇ. ಬಿಟ್ ಸರಿಸುವಾಗಲೂ ಕ್ಯಾರಿಯೇ ಸೇತುವೆ. ಒಂದು ಬೈಟಿನ ತುದಿಯಿಂದ ಬಿದ್ದ ಬಿಟ್ ಕ್ಯಾರಿಗೆ ಬರುತ್ತದೆ, `ROL` ಅಥವಾ `ROR` ಅದನ್ನು ಪಕ್ಕದ ಬೈಟಿನೊಳಕ್ಕೆ ಎಳೆದುಕೊಳ್ಳುತ್ತದೆ.

ಇನ್ನು ಗುಣಾಕಾರ. ಒಂದು ದಿನಕ್ಕೆ ಎಷ್ಟು ಸೆಕೆಂಡು? 24 ಗಂಟೆ, ಗಂಟೆಗೆ 3,600 ಸೆಕೆಂಡು. ನಾವು ಗುಣಿಸುವಾಗ ಗುಣಕದ ಒಂದೊಂದು ಅಂಕಿಗೂ ಮಗ್ಗಿ ಹೇಳಿಕೊಂಡು, ಬಂದದ್ದನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆದು, ಕೊನೆಗೆ ಕೂಡುತ್ತೇವೆ. ಚಿಪ್‌ನ ಲೆಕ್ಕ ನಡೆಯುವುದು 0 ಮತ್ತು 1 ಎಂಬ ಎರಡೇ ಅಂಕಿಗಳಲ್ಲಿ, ಆದ್ದರಿಂದ ಅದಕ್ಕೆ ಮಗ್ಗಿಯೇ ಬೇಡ. ಗುಣಕದ ಅಂಕಿ 1 ಆದರೆ ಗುಣ್ಯವನ್ನು ಕೂಡು, 0 ಆದರೆ ಬಿಡು. ಸ್ಥಾನ ಸರಿಸುವುದೆಂದರೆ ಎರಡರಿಂದ ಗುಣಿಸಿದಂತೆ. 24ನ್ನು ಎರಡರ ಪದ್ಧತಿಯಲ್ಲಿ ಬರೆದರೆ 11000, ಅಂದರೆ 16 ಮತ್ತು 8. 3,600ನ್ನು ಮೂರು ಸಲ ಇಮ್ಮಡಿಸಿದರೆ 28,800, ಇನ್ನೊಂದು ಸಲ ಇಮ್ಮಡಿಸಿದರೆ 57,600. ಇವೆರಡನ್ನು ಕೂಡಿದರೆ 86,400. ಕ್ರಿಸ್ತಪೂರ್ವ 1550ರ ಸುಮಾರಿಗೆ ಈಜಿಪ್ಟಿನ ಲಿಪಿಕಾರ ಆಹ್ಮೋಸ್ ನಕಲು ಮಾಡಿದ ರೈಂಡ್ ಪಪೈರಸ್‌ನಲ್ಲಿ ಗುಣಾಕಾರಗಳು ಹೀಗೆಯೇ ಇಮ್ಮಡಿಸುತ್ತ ಸಾಗುತ್ತವೆ.

86,400 ಎರಡು ಬೈಟಿನಲ್ಲಿ ಹಿಡಿಯುವುದಿಲ್ಲ. ಎರಡು ಬೈಟಿನ ಮಿತಿ 65,535. ಎರಡೆರಡು ಬೈಟಿನ ಸಂಖ್ಯೆಗಳನ್ನು ಗುಣಿಸಿದರೆ ಗುಣಲಬ್ಧಕ್ಕೆ ನಾಲ್ಕು ಬೈಟಿನ ಜಾಗ ಬೇಕು. ಕಾಗದದ ಮೇಲಿನ ಕ್ರಮವನ್ನೇ ಅನುಸರಿಸಿ ಗುಣ್ಯವನ್ನು ಎಡಕ್ಕೆ ಸರಿಸುತ್ತ ಹೋದರೆ ಅದೂ ನಾಲ್ಕು ಬೈಟಿಗೆ ಬೆಳೆಯುತ್ತದೆ, ಪ್ರತಿ ಸಲ ನಾಲ್ಕು ಬೈಟ್ ಕೂಡಬೇಕಾಗುತ್ತದೆ. ಅಸೆಂಬ್ಲಿ ಬರೆಯುವವರು ಇಲ್ಲಿ ಲೆಕ್ಕವನ್ನು ತಿರುವಿ ಹಾಕುತ್ತಾರೆ. ಗುಣ್ಯ ಇದ್ದಲ್ಲೇ ಇರಲಿ, ಮೊತ್ತವೇ ಒಂದೊಂದು ಸ್ಥಾನ ಬಲಕ್ಕೆ ಸರಿಯಲಿ. ಆಗ ಪ್ರತಿ ಸಲ ಕೂಡಬೇಕಾದದ್ದು ಎರಡೇ ಬೈಟ್. ಬಲಕ್ಕೆ ಜಾರಿಬಿದ್ದ ಬಿಟ್ ಗುಣಲಬ್ಧದ ಖಾಯಂ ಅಂಕಿ, ಮುಂದೆ ಯಾವ ಕೂಡಿಕೆಯೂ ಅದನ್ನು ಬದಲಿಸದು.

ಅದನ್ನು ಎಲ್ಲಿಡುವುದು? ಇದಕ್ಕೆ ಸಿಕ್ಕ ಉತ್ತರ ನಿಜಕ್ಕೂ ಸೊಗಸಾದದ್ದು. ಗುಣಕದ ಬಿಟ್‌ಗಳನ್ನು ಬಲತುದಿಯಿಂದ ಒಂದೊಂದಾಗಿ ಓದಿ ಮುಗಿಸುತ್ತಿರುತ್ತೇವೆ. ಒಂದು ಬಿಟ್ ಹೊರಗೆ ಹೋದಂತೆ ಎಡತುದಿಯಲ್ಲಿ ಒಂದು ಸ್ಥಾನ ಖಾಲಿಯಾಗುತ್ತದೆ, ಗುಣಲಬ್ಧದ ಬಿಟ್ ಅಲ್ಲೇ ಬಂದು ಕೂರುತ್ತದೆ. ಹದಿನಾರು ಸುತ್ತು ಮುಗಿಯುವಾಗ ಗುಣಕ ಪೂರ್ತಿ ಖಾಲಿಯಾಗಿ, ಅದೇ ಜಾಗದಲ್ಲಿ ಗುಣಲಬ್ಧದ ಕೆಳಗಿನ ಅರ್ಧ ತುಂಬಿರುತ್ತದೆ.

ಕೆಳಗಿನ ಸಾಲುಗಳಲ್ಲಿ `P` ಮತ್ತು `P+1` ಗುಣಕ, `N` ಮತ್ತು `N+1` ಗುಣ್ಯ. ಕೊನೆಯಲ್ಲಿ ಗುಣಲಬ್ಧ `P`ಯಿಂದ `P+3`ರವರೆಗಿನ ನಾಲ್ಕು ಬೈಟುಗಳಲ್ಲಿರುತ್ತದೆ.

```
      LDA #0
      STA P+2
      LDX #16
      LSR P+1
      ROR P
LOOP: BCC SKIP
      TAY
      CLC
      LDA P+2
      ADC N
      STA P+2
      TYA
      ADC N+1
SKIP: ROR A
      ROR P+2
      ROR P+1
      ROR P
      DEX
      BNE LOOP
      STA P+3
```

ಗುಣಕದ ಬಿಟ್ ಕ್ಯಾರಿಯಲ್ಲಿ ಬಂದು ಕೂತಿರುವಾಗ `BCC` ಅದನ್ನು ನೋಡಿ, ಸೊನ್ನೆಯಾದರೆ ಕೂಡುವ ಕೆಲಸವನ್ನು ದಾಟಿಸುತ್ತದೆ. ಮೊತ್ತದ ತೀರ ಮೇಲಿನ ಬೈಟ್ ಚಿಪ್‌ನೊಳಗಿನ `A` ರಿಜಿಸ್ಟರ್‌ನಲ್ಲೇ ಇರುತ್ತದೆ. ಕೂಡುವಾಗ ಮಾತ್ರ ಅದನ್ನು `TAY`ಯಿಂದ ಪಕ್ಕಕ್ಕಿಟ್ಟು, `TYA`ಯಿಂದ ವಾಪಸು ತರುತ್ತೇವೆ. ಆಮೇಲಿನ ನಾಲ್ಕು `ROR`ಗಳು ನಾಲ್ಕು ಬೈಟುಗಳನ್ನೂ ಒಂದೇ ಸರಪಳಿಯಂತೆ ಬಲಕ್ಕೆ ಸರಿಸುತ್ತವೆ. ಕೊನೆಯ `ROR` ಹೊರಹಾಕುವುದು ಗುಣಕದ ಮುಂದಿನ ಬಿಟ್ಟನ್ನು. ಸುತ್ತು ಎಣಿಸುವ `DEX` ಕ್ಯಾರಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಆ ಬಿಟ್ ಮುಂದಿನ ಸುತ್ತಿನ `BCC`ಗೆ ಸುರಕ್ಷಿತವಾಗಿ ತಲುಪುತ್ತದೆ. 6502ರ ವಿನ್ಯಾಸಕರ ಈ ಒಂದು ನಿರ್ಧಾರವಿಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಕ್ಯಾರಿಯನ್ನು ಎಲ್ಲೋ ಬಚ್ಚಿಟ್ಟು ಮತ್ತೆ ತೆಗೆಯಬೇಕಾಗುತ್ತಿತ್ತು.

24ನ್ನು `P`ಯಲ್ಲೂ 3,600ನ್ನು `N`ನಲ್ಲೂ ಇಟ್ಟು ಓಡಿಸಿದರೆ ಮೊದಲ ಮೂರು ಸುತ್ತುಗಳಲ್ಲಿ ಕೂಡುವುದೇನೂ ಇಲ್ಲ. ನಾಲ್ಕನೆಯ ಸುತ್ತಿನಲ್ಲಿ ಮೇಲರ್ಧಕ್ಕೆ 3,600 ಬಂದು, ಸರಿದು 1,800 ಆಗುತ್ತದೆ. ಐದನೆಯದರಲ್ಲಿ 3,600 ಸೇರಿ 5,400 ಆಗಿ, ಸರಿದು 2,700 ಆಗುತ್ತದೆ. ಉಳಿದ ಹನ್ನೊಂದು ಸುತ್ತುಗಳಲ್ಲಿ ಬರಿಯ ಸರಿಯುವಿಕೆ. ಕೊನೆಗೆ ಮೂರನೆಯ ಬೈಟಿನಲ್ಲಿ 1, ಎರಡನೆಯದರಲ್ಲಿ 81, ಮೊದಲನೆಯದರಲ್ಲಿ 128 ಉಳಿದಿರುತ್ತದೆ. 65,536, 81 ಸಲ 256, ಮತ್ತೆ 128, ಎಲ್ಲ ಸೇರಿ 86,400.

ಈ ಸಂಖ್ಯೆಗಳೆಲ್ಲ ಚಿಪ್ ಬೇಗ ತಲುಪಬಲ್ಲ ಮೊದಲ 256 ಬೈಟುಗಳ ಮೆಮೊರಿಯಲ್ಲಿದ್ದರೆ ಈ ಗುಣಾಕಾರಕ್ಕೆ 453 ಗಡಿಯಾರ ಮಿಡಿತಗಳು ಸಾಕು. ಯಾವ ಎರಡು ಸಂಖ್ಯೆ ಕೊಟ್ಟರೂ 420ರ ಆಸುಪಾಸಿನಿಂದ 691ರವರೆಗಿನ ಮಿಡಿತಗಳಲ್ಲಿ ಮುಗಿಯುತ್ತದೆ, ಗುಣಕದಲ್ಲಿ ಒಂದುಗಳು ಹೆಚ್ಚಿದಷ್ಟೂ ಹೊತ್ತು ಹೆಚ್ಚು. ಆಪಲ್ 2ರ ಚಿಪ್ ಸೆಕೆಂಡಿಗೆ ಹತ್ತು ಲಕ್ಷಕ್ಕೂ ತುಸು ಹೆಚ್ಚು ಮಿಡಿತಗಳಲ್ಲಿ ಓಡುತ್ತಿದ್ದುದರಿಂದ, ಒಂದು ಗುಣಾಕಾರಕ್ಕೆ ಅರ್ಧ ಮಿಲಿಸೆಕೆಂಡಿನಷ್ಟು ಕಾಲ ಹಿಡಿಯುತ್ತಿತ್ತು.

ಇಲ್ಲೊಂದು ಚರಿತ್ರೆಯ ಮಾತು ಹೇಳಬೇಕು. ಈ ಕ್ರಮದ ಬೆನ್ನೆಲುಬಾದ `ROR` ಆದೇಶ ಮೊದಮೊದಲ 6502 ಚಿಪ್‌ಗಳಲ್ಲಿ ಇರಲೇ ಇಲ್ಲ. 1976ರ ಮಧ್ಯದ ನಂತರ ತಯಾರಾದವುಗಳಲ್ಲಿ ಮಾತ್ರ ಅದು ಸಿಕ್ಕಿತು. ಹಳೆಯ ಚಿಪ್ ಕೊಂಡವರು ಗುಣಕವನ್ನು ಎಡತುದಿಯಿಂದ ಓದಿ, ಮೊತ್ತವನ್ನು ಎಡಕ್ಕೆ ಇಮ್ಮಡಿಸುತ್ತ ಹೋಗುವ ಇನ್ನೊಂದು ದಾರಿಯನ್ನೇ ಹಿಡಿಯಬೇಕಿತ್ತು.

ಈಗ ತಪ್ಪಿನ ವಿಷಯ. ಎರಡು ಬೈಟಿನ ಸಂಖ್ಯೆಗಳನ್ನು ಕೂಡಿದಾಗ ಮೊತ್ತಕ್ಕೆ ಹದಿನಾರು ಬಿಟ್ ಸಾಲದೆ ಹದಿನೇಳನೆಯದು ಹುಟ್ಟಬಹುದು. ಅದು ಇರುವುದು ಕ್ಯಾರಿಯಲ್ಲಿ ಮಾತ್ರ, ಬೇರೆಲ್ಲೂ ಇಲ್ಲ. ಮೇಲಿನ ಕೋಡ್‌ನಲ್ಲಿ ಕೂಡಿದ ಮರುಗಳಿಗೆಯಲ್ಲೇ `ROR A` ಅದನ್ನು ಒಳಕ್ಕೆಳೆದುಕೊಳ್ಳುತ್ತದೆ. ‘ಬಲಕ್ಕೆ ಸರಿಸಿದರಾಯಿತಲ್ಲ’ ಎಂದು ಅಲ್ಲಿ `LSR A` ಬರೆದರೆ ಏನಾಗುತ್ತದೆ? `LSR` ಕ್ಯಾರಿಯನ್ನು ನೋಡುವುದಿಲ್ಲ, ಮೇಲಿನಿಂದ ಸೊನ್ನೆ ತುಂಬುತ್ತದೆ. ಆದರೂ 24 ಮತ್ತು 3,600ರ ಗುಣಲಬ್ಧ ಸರಿಯಾಗಿ 86,400 ಎಂದೇ ಬರುತ್ತದೆ. ಗುಣ್ಯ 32,768ಕ್ಕಿಂತ ಕಡಿಮೆ ಇರುವವರೆಗೆ ಪ್ರತಿಯೊಂದು ಗುಣಾಕಾರವೂ ಸರಿ. ಏಕೆಂದರೆ ಸರಿದ ಮೇಲೆ ಉಳಿಯುವ ಮೇಲರ್ಧ ಯಾವಾಗಲೂ ಗುಣ್ಯಕ್ಕಿಂತ ಚಿಕ್ಕದು, ಅದಕ್ಕೆ ಗುಣ್ಯವನ್ನು ಕೂಡಿದರೂ ಗುಣ್ಯದ ಎರಡರಷ್ಟನ್ನು ಮುಟ್ಟುವುದಿಲ್ಲ, ಅದು 65,536ರೊಳಗೇ ನಿಲ್ಲುತ್ತದೆ. ಅಷ್ಟು ದೊಡ್ಡ ಗುಣ್ಯ ಬಂದಾಗ ಮಾತ್ರ ತಪ್ಪು ಹೊರಬೀಳುತ್ತದೆ. 65,535ನ್ನು 3ರಿಂದ ಗುಣಿಸಿದರೆ 1,96,605 ಬರಬೇಕು. ಈ ಕೋಡ್ ಕೊಡುವುದು 65,533. ವ್ಯತ್ಯಾಸ 1,31,072, ಎಂದರೆ ಎರಡರ ಹದಿನೇಳನೆಯ ಘಾತ. ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ ನಡುವಿನ ಅಂತರ ಹೀಗೆ ಎರಡರ ಘಾತವಾಗಿದ್ದರೆ, ಎಲ್ಲೋ ಒಂದು ಬಿಟ್ ಕಳೆದುಹೋಗಿದೆ ಎಂದು ಅನುಭವಿಗಳು ತಕ್ಷಣ ಗುರುತಿಸುತ್ತಾರೆ. ಚಿಕ್ಕ ಸಂಖ್ಯೆಗಳನ್ನಷ್ಟೇ ಕೊಟ್ಟು ಪರೀಕ್ಷಿಸುವುದು ಈ ಕೆಲಸದಲ್ಲಿ ಪರೀಕ್ಷೆಯೇ ಅಲ್ಲ. 65,535ನ್ನು 65,535ರಿಂದಲೇ ಗುಣಿಸಿ ನೋಡಲೇಬೇಕು.

ಭಾಗಾಕಾರದಲ್ಲೂ ಶಾಲೆಯ ದಾರಿಯೇ. ಭಾಜ್ಯದ ಅಂಕಿಗಳನ್ನು ಎಡದಿಂದ ಒಂದೊಂದಾಗಿ ಕೆಳಗಿಳಿಸಿ, ಶೇಷದ ಪಕ್ಕ ಇಟ್ಟು, ಅದರಲ್ಲಿ ಭಾಜಕ ಎಷ್ಟು ಸಲ ಹೋಗುತ್ತದೆ ಎಂದು ನೋಡುತ್ತೇವೆ. ಎರಡರ ಪದ್ಧತಿಯಲ್ಲಿ ‘ಎಷ್ಟು ಸಲ’ ಎಂಬ ಪ್ರಶ್ನೆಯಿಲ್ಲ, ಹೋಗುತ್ತದೆ ಅಥವಾ ಹೋಗುವುದಿಲ್ಲ. 217ನ್ನು 10ರಿಂದ ಭಾಗಿಸುವುದನ್ನು ನೋಡೋಣ. ಆಟದ ಅಂಕವನ್ನು ಪರದೆಯ ಮೇಲೆ ತೋರಿಸುವಾಗ ಪ್ರತಿಯೊಂದು ಪ್ರೋಗ್ರಾಮಿಗೂ ಬೇಕಾಗುವ ಲೆಕ್ಕವಿದು, ಏಕೆಂದರೆ ಹತ್ತರಿಂದ ಭಾಗಿಸಿ ಬಂದ ಶೇಷವೇ ಕೊನೆಯ ಅಂಕಿ. 217 ಎಂದರೆ 11011001. ಬಿಟ್‌ಗಳನ್ನು ಇಳಿಸುತ್ತ ಹೋದಂತೆ ಶೇಷ 1, 3, 6 ಆಗುತ್ತದೆ, ಮೂರರಲ್ಲೂ 10 ಹೋಗದು. ನಾಲ್ಕನೆಯ ಬಿಟ್ ಇಳಿದಾಗ 13, ಹತ್ತು ಹೋಗುತ್ತದೆ, ಉಳಿಯುವುದು 3, ಭಾಗಲಬ್ಧಕ್ಕೆ ಒಂದು 1. ಮುಂದೆ 7, ಹೋಗದು. ಆಮೇಲೆ 14, ಕಳೆದರೆ 4. ಮತ್ತೆ 8, ಹೋಗದು. ಕೊನೆಗೆ 17, ಕಳೆದರೆ 7. ಬರೆದಿಟ್ಟ ಭಾಗಲಬ್ಧ 00010101, ಅಂದರೆ 21. ಶೇಷ 7.

ಎರಡು ಬೈಟಿನ ಸಂಖ್ಯೆಗಳಿಗೆ ಇದೇ ಕ್ರಮ ಹೀಗಿರುತ್ತದೆ. `D` ಭಾಜ್ಯ, `V` ಭಾಜಕ, `R` ಶೇಷ. ಭಾಜ್ಯ ಎಡಕ್ಕೆ ಖಾಲಿಯಾಗುತ್ತಿದ್ದಂತೆ ಭಾಗಲಬ್ಧ ಬಲದಿಂದ ಅದೇ `D`ಯಲ್ಲಿ ತುಂಬುತ್ತದೆ.

```
      LDA #0
      STA R
      STA R+1
      LDX #16
LOOP: ASL D
      ROL D+1
      ROL R
      ROL R+1
      SEC
      LDA R
      SBC V
      TAY
      LDA R+1
      SBC V+1
      BCC SKIP
      STY R
      STA R+1
      INC D
SKIP: DEX
      BNE LOOP
```

ಕಳೆದು ನೋಡುವುದೇ ಇಲ್ಲಿ ಹೋಲಿಸಿ ನೋಡುವುದು. 6502ರಲ್ಲಿ ಕಳೆಯುವಾಗ ಕ್ಯಾರಿಯ ಅರ್ಥ ತಲೆಕೆಳಗು: ಅದು 1 ಆಗಿದ್ದರೆ ಕಡ ತರಬೇಕಾಗಿಲ್ಲ ಎಂದು, 0 ಆಗಿದ್ದರೆ ಕಡ ಬೇಕಾಯಿತು ಎಂದು. ಅದಕ್ಕೇ ಮೊದಲು `SEC`. ಕಡ ಬೇಕಾಯಿತೆಂದರೆ ಭಾಜಕ ದೊಡ್ಡದು. ಆಗ `BCC` ದಾಟಿಸುತ್ತದೆ, ಹಳೆಯ ಶೇಷ ಹಾಗೆಯೇ ಉಳಿಯುತ್ತದೆ. ಇಲ್ಲದಿದ್ದರೆ ಹೊಸ ಶೇಷವನ್ನು ಬರೆದು, `INC D`ಯಿಂದ ಭಾಗಲಬ್ಧದಲ್ಲಿ 1 ಇಡುತ್ತೇವೆ. `ASL` ಈಗಷ್ಟೇ ಅಲ್ಲಿ ಸೊನ್ನೆ ಬಿಟ್ಟು ಹೋಗಿರುವುದರಿಂದ ಒಂದು ಏರಿಸಿದರೆ ಸಾಕು. ಸೊನ್ನೆಯಿಂದ ಭಾಗಿಸಲು ಹೇಳಿದರೆ ಈ ಕೋಡ್ ನಿಂತುಹೋಗುವುದಿಲ್ಲ, ದೂರುವುದೂ ಇಲ್ಲ. ಸೊನ್ನೆ ಪ್ರತಿ ಸಲವೂ ‘ಹೋಗುವುದರಿಂದ’ ಭಾಗಲಬ್ಧ 65,535 ಎಂದು ಬರುತ್ತದೆ. ಕರೆಯುವವರೇ ಮೊದಲು ಭಾಜಕವನ್ನು ಪರೀಕ್ಷಿಸಿಕೊಳ್ಳಬೇಕು.

1977ರ ಆಪಲ್ 2ರ ಮಾನಿಟರ್ ರಾಮ್‌ನಲ್ಲಿ ಹದಿನಾರು ಬಿಟ್ಟಿನ ಗುಣಾಕಾರ ಮತ್ತು ಭಾಗಾಕಾರಗಳನ್ನು ವೋಜ್ನಿಯಾಕ್ ಇದೇ ಬಗೆಯಲ್ಲಿ ಬರೆದಿಟ್ಟಿದ್ದರು, ಯಾವ ಪ್ರೋಗ್ರಾಮ್ ಬೇಕಾದರೂ ಅವನ್ನು ಕರೆಯಬಹುದಿತ್ತು. ಎರಡು ವರ್ಷದ ನಂತರ ಆಟೊಸ್ಟಾರ್ಟ್ ರಾಮ್ ಬಂದಾಗ ಹೊಸ ಸೌಲಭ್ಯಗಳಿಗೆ ಜಾಗ ಬೇಕಾಗಿ ಇವೆರಡನ್ನೂ ಕೈಬಿಡಲಾಯಿತು.

ಹದಿನೇಳನೆಯ ಬಿಟ್ ಭಾಗಾಕಾರದಲ್ಲೂ ಹೊಂಚು ಹಾಕಿ ಕೂತಿರುತ್ತದೆ. ಶೇಷವನ್ನು ಎಡಕ್ಕೆ ಸರಿಸುವ `ROL R+1` ಮೇಲಿನಿಂದ ಒಂದು ಬಿಟ್ ಹೊರಹಾಕಬಹುದು. ಮುಂದಿನ ಸಾಲಿನ `SEC` ಅದನ್ನು ಅಳಿಸಿಬಿಡುತ್ತದೆ. ಭಾಜ್ಯ ಎರಡೇ ಬೈಟ್ ಇದ್ದಾಗ ಇದರಿಂದ ಕೇಡಿಲ್ಲ, ಶೇಷ ಅಷ್ಟು ಬೆಳೆಯುವ ಮೊದಲೇ ಹದಿನಾರು ಸುತ್ತು ಮುಗಿದಿರುತ್ತದೆ. ಆದರೆ ಗುಣಿಸಿ ಬಂದ ನಾಲ್ಕು ಬೈಟಿನ ಫಲವನ್ನು ಭಾಗಿಸಬೇಕಾದ ಸಂದರ್ಭ ಬಹಳ ಸಾಮಾನ್ಯ. ಶೇಕಡಾ ತೆಗೆಯುವಾಗ, ಚಿತ್ರವನ್ನು ಹಿಗ್ಗಿಸುವಾಗ ಮಾಡುವುದು ಅದನ್ನೇ. ಆಗ `R`ಅನ್ನು ಸೊನ್ನೆಯಿಂದ ಶುರು ಮಾಡದೆ, ಭಾಜ್ಯದ ಮೇಲರ್ಧವನ್ನು ಅದರಲ್ಲಿಟ್ಟು ಇದೇ ಸುತ್ತನ್ನು ಓಡಿಸುತ್ತಾರೆ. ಮೇಲರ್ಧ ಭಾಜಕಕ್ಕಿಂತ ಚಿಕ್ಕದಿರಬೇಕು ಎಂಬುದೊಂದೇ ಷರತ್ತು, ಇಲ್ಲವಾದರೆ ಭಾಗಲಬ್ಧ ಎರಡು ಬೈಟಿನಲ್ಲಿ ಹಿಡಿಸದು.

ಷರತ್ತು ಪಾಲಿಸಿಯೂ ಮೋಸಹೋಗಬಹುದು. 2,41,59,19,104ನ್ನು 40,960ರಿಂದ ಭಾಗಿಸಬೇಕಾಗಿದೆ ಎನ್ನಿ. ಇದರ ಮೇಲರ್ಧ 36,864, ಕೆಳಗಿನ ಅರ್ಧ ಸೊನ್ನೆ. ಸರಿಯಾದ ಉತ್ತರ 58,982, ಶೇಷ 16,384. ಮೊದಲ ಸುತ್ತಿನಲ್ಲಿ 36,864 ಇಮ್ಮಡಿಯಾಗಿ 73,728 ಆಗಬೇಕು. ಹದಿನೇಳನೆಯ ಬಿಟ್ ಕಳೆದುಹೋಗಿ `R`ನಲ್ಲಿ ಉಳಿಯುವುದು 8,192. ಅದರಲ್ಲಿ 40,960 ಹೋಗದು ಎಂದು ಕೋಡ್ ತೀರ್ಮಾನಿಸುತ್ತದೆ. ಮುಂದಿನ ಸುತ್ತುಗಳಲ್ಲಿ 16,384, 32,768, ಆಮೇಲೆ ಉಳಿದ ಒಂದೇ ಬಿಟ್ಟೂ ಹೊರಬಿದ್ದು ಸೊನ್ನೆ. ಕೊನೆಗೆ ಭಾಗಲಬ್ಧವೂ ಸೊನ್ನೆ, ಶೇಷವೂ ಸೊನ್ನೆ! ಭಾಜಕ 32,768ನ್ನು ಮೀರಿದಾಗ ಮಾತ್ರ ಹೀಗಾಗುತ್ತದೆ. ಗುಣಾಕಾರದಲ್ಲಿ ತಪ್ಪು ಹೊರಬಿದ್ದ ಗಡಿಯೂ ಇದೇ, ಅದು ಕಾಕತಾಳೀಯವಲ್ಲ: ಎರಡೂ ಕಡೆ ಇಮ್ಮಡಿಯಾದಾಗ ಹದಿನಾರು ಬಿಟ್ ದಾಟುವ ಸಂಖ್ಯೆಗಳು ಅಲ್ಲಿಂದಲೇ ಶುರುವಾಗುತ್ತವೆ.

ಪರಿಹಾರ ಸಣ್ಣದು. `ROL R+1` ಆದ ಕೂಡಲೇ ಕ್ಯಾರಿ 1 ಇದ್ದರೆ ಶೇಷ 65,536ನ್ನು ಮುಟ್ಟಿದೆ ಎಂದರ್ಥ. ಅಷ್ಟು ದೊಡ್ಡದರಲ್ಲಿ ಎರಡು ಬೈಟಿನ ಯಾವ ಭಾಜಕವಾದರೂ ಹೋಗಿಯೇ ಹೋಗುತ್ತದೆ. ಹಾಗಾಗಿ `SEC`ಗೆ ಮುನ್ನ ಒಂದು `BCS` ಇಟ್ಟು, ಹೋಲಿಕೆಯ ಗೊಡವೆಯಿಲ್ಲದೆ ಕಳೆದು ಬರೆದುಬಿಡುವ ಬೇರೆ ದಾರಿಗೆ ಕಳಿಸಬೇಕು. ಕಳೆದು ಬಂದ ಹದಿನಾರು ಬಿಟ್ ಸರಿಯಾಗಿಯೇ ಇರುತ್ತದೆ: 8,192ರಿಂದ 40,960 ಕಳೆಯುವಾಗ ಕಡ ತಂದು ಉಳಿಯುವುದು 32,768, ನಿಜವಾದ 73,728ರಿಂದ ಕಳೆದರೂ ಉಳಿಯುವುದು ಅಷ್ಟೇ. ತಪ್ಪಾಗಿದ್ದದ್ದು ಹೋಗುತ್ತದೋ ಇಲ್ಲವೋ ಎಂಬ ತೀರ್ಪು ಮಾತ್ರ.

ವೇಗವೇ ಮುಖ್ಯವಾದ ಕಡೆ ಸುತ್ತು ಹೊಡೆಯುವ ಈ ಕ್ರಮವನ್ನೇ ಬಿಟ್ಟುಬಿಡುತ್ತಿದ್ದರು. ಕಮೊಡೋರ್ 64ರಲ್ಲಿ ಮೂರು ಆಯಾಮದ ಚಿತ್ರ ತಿರುಗಿಸುವವರ ಮೆಚ್ಚಿನ ಉಪಾಯ ಕಾಲು ವರ್ಗಗಳ ಕೋಷ್ಟಕ. ಎರಡು ಸಂಖ್ಯೆಗಳ ಮೊತ್ತದ ವರ್ಗದ ಕಾಲುಭಾಗದಿಂದ ಅವುಗಳ ವ್ಯತ್ಯಾಸದ ವರ್ಗದ ಕಾಲುಭಾಗ ಕಳೆದರೆ ಗುಣಲಬ್ಧ ಸಿಗುತ್ತದೆ. 23 ಮತ್ತು 17 ತೆಗೆದುಕೊಂಡರೆ ಮೊತ್ತ 40, ಅದರ ವರ್ಗದ ಕಾಲುಭಾಗ 400. ವ್ಯತ್ಯಾಸ 6, ಅದರದ್ದು 9. 400ರಲ್ಲಿ 9 ಕಳೆದರೆ 391. ಕಾಲುಭಾಗ ಪೂರ್ಣಾಂಕವಾಗದಿದ್ದರೆ ಉಳಿಕೆಯನ್ನು ಕತ್ತರಿಸಿದರೂ ತೊಂದರೆಯಿಲ್ಲ. ಮೊತ್ತ ಬೆಸವಾದರೆ ವ್ಯತ್ಯಾಸವೂ ಬೆಸ, ಎರಡರಲ್ಲೂ ಕಾಲು ಕಾಲು ಹೋಗಿ ಸರಿದೂಗುತ್ತದೆ. ಒಂದು ಬೈಟಿನ ಸಂಖ್ಯೆಗಳಿಗೆ ಸುಮಾರು ಒಂದು ಕಿಲೋಬೈಟ್ ಕೋಷ್ಟಕ ಸಾಕು, ಗುಣಾಕಾರ ಎರಡು ಹುಡುಕಾಟ ಮತ್ತು ಒಂದು ಕಳೆಯುವಿಕೆಗೆ ಇಳಿಯುತ್ತದೆ. ಎರಡು ಬೈಟಿನ ಸಂಖ್ಯೆಗಳಿಗೆ ಇಂಥ ನಾಲ್ಕು ಗುಣಾಕಾರ ಮಾಡಿ, ಸ್ಥಾನ ನೋಡಿ ಕೂಡಬೇಕು. 64 ಕಿಲೋಬೈಟಿನ ಯಂತ್ರದಲ್ಲಿ ಕೋಷ್ಟಕಕ್ಕೆ ಕೊಡುವ ಆ ಒಂದು ಕಿಲೋಬೈಟ್ ದುಬಾರಿಯೇನಲ್ಲ. ಅಟಾರಿ 2600ರಂಥ, 128 ಬೈಟ್ ಮೆಮೊರಿ ಮತ್ತು 4 ಕಿಲೋಬೈಟಿನ ಆಟದ ಡಬ್ಬಿಯ ಯಂತ್ರದಲ್ಲಿ ಅದೇ ಮಾತು ಹೇಳಲಾಗದು.

ಈ ಕೋಡ್ ಇಂದಿಗೂ ಕೆಲಸದಲ್ಲಿದೆ. ಹವ್ಯಾಸಿಗಳು ಬಳಸುವ ಆರ್ಡ್ವಿನೊ ಊನೊ ಬೋರ್ಡಿನ ಚಿಪ್‌ನಲ್ಲಿ ಗುಣಾಕಾರದ ಆದೇಶವಿದೆ. ಅದೇ ವಂಶದ, ಎಂಟು ಕಾಲಿನ ಎಟಿಟೈನಿ 85ರಲ್ಲಿ ಇಲ್ಲ. ಸಿ ಭಾಷೆಯಲ್ಲಿ ಎರಡು ಇಂಟ್‌ಗಳ ನಡುವೆ `*` ಬರೆದರೆ ಕಂಪೈಲರ್ `__mulhi3` ಎಂಬ ಸಬ್‌ರುಟೀನನ್ನು ಕರೆಯುತ್ತದೆ, ಚಿಹ್ನೆಯಿಲ್ಲದ ಎರಡು ಸಂಖ್ಯೆಗಳ ನಡುವೆ `/` ಬರೆದರೆ `__udivmodhi4` ಎಂಬುದನ್ನು. ಬರೆದವರಿಗೆ ಕಾಣುವುದು ಒಂದು ನಕ್ಷತ್ರ, ಒಂದು ಓರೆಗೆರೆ ಮಾತ್ರ. ಸಿದ್ಧವಾದ ಫೈಲನ್ನು ಬಿಚ್ಚಿ ಅಸೆಂಬ್ಲಿಯಾಗಿ ಓದಿದರೆ, ಗುಣಾಕಾರದ ಜಾಗದಲ್ಲಿ ಸಿಗುವುದು ಸರಿಸು, ಬಿಟ್ ನೋಡು, ಕ್ಯಾರಿ ಸೇರಿಸಿ ಕೂಡು ಎನ್ನುವ ಒಂದು ಪುಟ್ಟ ಸುತ್ತು. ಭಾಗಾಕಾರದ ಜಾಗದಲ್ಲಿ ಹದಿನಾರು ಸಲ ಕಳೆದು ನೋಡುವ ಇನ್ನೊಂದು.